ಸರೆಂಡರ್‌ಗೆ ಮುನ್ನ ಎರಡು ಲೆಕ್ಕ

ಎಂಡೋಮೆಂಟ್ ಪಾಲಿಸಿಯ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. 'ಕಟ್ಟಿದ ದುಡ್ಡು ದುಪ್ಪಟ್ಟಾಗುತ್ತದೆ' ಎನ್ನುವುದು ಮಾರುವವರ ಮಾತು. 'ಶುದ್ಧ ದಂಡ, ಇವತ್ತೇ ಸರೆಂಡರ್ ಮಾಡಿ' ಎನ್ನುವುದು ಹಣಕಾಸು ಸಲಹೆಗಾರರ ಮಾತು. ಮೊದಲನೆಯದು ದಾರಿ ತಪ್ಪಿಸುತ್ತದೆ. ಎರಡನೆಯದು ಪಾಲಿಸಿ ಕೊಳ್ಳದೆ ಇರುವವರಿಗೆ ಸರಿ, ಈಗಾಗಲೇ ಕೊಂಡವರಿಗೆ ಎಲ್ಲ ಸಲವೂ ಸರಿಯಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ವಿಮಾ ಮೊತ್ತ ₹10 ಲಕ್ಷ, ಅವಧಿ 20 ವರ್ಷ, ವರ್ಷಕ್ಕೆ ₹50,000 ಕಂತು. ಬೋನಸ್ ಸಾವಿರಕ್ಕೆ 45 ರೂಪಾಯಿಯಂತೆ ಪ್ರತಿ ವರ್ಷ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಕಟ್ಟುವುದು ₹10 ಲಕ್ಷ, ಕೊನೆಗೆ ಕೈಗೆ ಬರುವುದು ₹19 ಲಕ್ಷ. ಕೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಕಂತುಗಳು ಯಾವ ಯಾವ ವರ್ಷ ಹೋದವು ಎಂದು ನೋಡಿ ಬಡ್ಡಿ ಲೆಕ್ಕ ಹಾಕಿದರೆ ಗಳಿಕೆ ವರ್ಷಕ್ಕೆ ಶೇ 5.8ರಷ್ಟು. ಹಣದುಬ್ಬರ ಶೇ 4 ಎಂದುಕೊಂಡರೂ ನಿಜವಾದ ಗಳಿಕೆ ಶೇ 2ಕ್ಕಿಂತ ಕಡಿಮೆ, ಶೇ 6ಕ್ಕೆ ಏರಿದರೆ ಸೊನ್ನೆಗಿಂತ ಕೆಳಗೆ.

ಇದೇ ₹50,000ವನ್ನು ಎರಡು ಪಾಲು ಮಾಡಿ. ₹8,000ಕ್ಕೆ ₹50 ಲಕ್ಷದ ಟರ್ಮ್ ಪಾಲಿಸಿ ಸಿಕ್ಕಿತು ಎನ್ನೋಣ. ವಯಸ್ಸು, ಆರೋಗ್ಯ ನೋಡಿ ಈ ಕಂತು ಹೆಚ್ಚುಕಡಿಮೆ ಆಗುತ್ತದೆ. ಉಳಿದ ₹42,000 ಪಿಪಿಎಫ್‌ಗೆ ಹೋಗಲಿ. 2020ರ ಏಪ್ರಿಲ್‌ನಿಂದ ಇರುವ ಶೇ 7.1ರ ಬಡ್ಡಿಯೇ ಮುಂದುವರಿದರೆ 20 ವರ್ಷಕ್ಕೆ ₹18.6 ಲಕ್ಷವಾಗುತ್ತದೆ. ಕೊನೆಯ ಮೊತ್ತದಲ್ಲಿ ಅಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ರಕ್ಷಣೆಯಲ್ಲಿ. ಮೂರನೇ ವರ್ಷದಲ್ಲಿ ದುಡಿಯುವವರೇ ತೀರಿಕೊಂಡರೆ ಮನೆಯವರಿಗೆ ಎಂಡೋಮೆಂಟ್‌ನಿಂದ ₹11 ಲಕ್ಷದ ಆಸುಪಾಸು, ಟರ್ಮ್‌ನಿಂದ ₹50 ಲಕ್ಷ ಮತ್ತು ಪಿಪಿಎಫ್‌ನಲ್ಲಿ ಕೂಡಿದ್ದು. ಆದರೆ ಒಂದು ಷರತ್ತು: ಆ ₹42,000 ಪ್ರತಿ ವರ್ಷ ತಪ್ಪದೆ ಖಾತೆಗೆ ಬೀಳಬೇಕು. ಖರ್ಚಾಗಿ ಹೋದರೆ ಈ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ.

ಇನ್ನು ಪಾಲಿಸಿ ಈಗಾಗಲೇ ಇರುವವರ ಪಾಡು. ಮೊದಲ ವರ್ಷಗಳ ಕಂತಿನಲ್ಲಿ ದೊಡ್ಡ ಪಾಲು ಕಮಿಷನ್ ಮತ್ತು ಖರ್ಚಿಗೆ ಹೋಗುವುದರಿಂದ ಆಗ ಬಿಟ್ಟರೆ ಸಿಗುವುದು ಕಡಿಮೆ. ಹಳೆಯ ನಿಯಮದಲ್ಲಿ ಎರಡು ವರ್ಷದ ಕಂತು ಕಟ್ಟದೆ ಬಿಟ್ಟವರಿಗೆ ಸಾಮಾನ್ಯವಾಗಿ ಏನೂ ಸಿಗುತ್ತಿರಲಿಲ್ಲ. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಐಆರ್‌ಡಿಎಐ ನಿಯಮದಂತೆ, ಹೊಸ ಪಾಲಿಸಿಗಳಲ್ಲಿ ಒಂದು ವರ್ಷದ ಪೂರ್ತಿ ಕಂತು ಕಟ್ಟಿದ್ದರೂ ವರ್ಷ ತುಂಬಿದ ಮೇಲೆ ವಿಶೇಷ ಸರೆಂಡರ್ ಮೌಲ್ಯ ಕೊಡಬೇಕು. ಪೇಡ್‌ಅಪ್ ಮೊತ್ತ ಮತ್ತು ಸೇರಿದ ಬೋನಸ್‌ನ ಇಂದಿನ ಬೆಲೆಗಿಂತ ಅದು ಕಡಿಮೆಯಿರಬಾರದು.

ನಮ್ಮ ಉದಾಹರಣೆಯಲ್ಲಿ ಐದು ಕಂತು ಕಟ್ಟಿಯಾಗಿದೆ, ಅಂದರೆ ₹2.5 ಲಕ್ಷ. 20ರಲ್ಲಿ 5 ಕಂತು ಕಟ್ಟಿದ್ದರಿಂದ ಪೇಡ್‌ಅಪ್ ಮೊತ್ತ ₹2.5 ಲಕ್ಷ, ಬೋನಸ್ ₹2.25 ಲಕ್ಷ. ಒಟ್ಟು ₹4.75 ಲಕ್ಷ 15 ವರ್ಷದ ನಂತರ ಬರಬೇಕಾದ ಹಣ. ಶೇ 7ರಲ್ಲಿ ಅದರ ಇಂದಿನ ಬೆಲೆ ಸುಮಾರು ₹1.7 ಲಕ್ಷ. ಬಿಟ್ಟರೆ ಕೈಬಿಡುವುದು ₹80,000ದಷ್ಟು.

ಆದರೆ ಕೇಳಬೇಕಾದ ಪ್ರಶ್ನೆ ಆ ₹80,000ದ್ದಲ್ಲ. ಬಿಟ್ಟರೂ ಇಟ್ಟುಕೊಂಡರೂ ಅದು ಹೋದದ್ದೇ. ಇಂದಿನ ₹1.7 ಲಕ್ಷವನ್ನು ಅಲ್ಲೇ ಬಿಟ್ಟು ಇನ್ನೂ 15 ಕಂತು ಕಟ್ಟಿದರೆ ಸಿಗುವ ₹19 ಲಕ್ಷ ಎಷ್ಟು ಗಳಿಕೆ ಎಂದು ನೋಡಬೇಕು. ಉತ್ತರ ಶೇ 7.4, ಪಿಪಿಎಫ್‌ಗಿಂತ ತುಸು ಮೇಲೆ! ಒಂದೇ ಕಂತು ಕಟ್ಟಿದವರು ಇದೇ ಲೆಕ್ಕ ಹಾಕಿದರೆ ಬರುವುದು ಶೇ 6.2ರ ಆಸುಪಾಸು, ಅವರು ₹24,000 ಕಳೆದುಕೊಂಡರೂ ಹೊರಬರುವುದೇ ಲೇಸು. ಪಾಲಿಸಿ ಹಳೆಯದಾದಷ್ಟೂ ಇಟ್ಟುಕೊಳ್ಳುವ ಕಡೆಗೇ ತಕ್ಕಡಿ ವಾಲುತ್ತದೆ.

ಹಾಗಾಗಿ ಹಳೆಯ ಪಾಲಿಸಿ ಇರುವವರು ಕಂಪನಿಯಿಂದ ಮೂರು ಅಂಕಿ ಬರಹದಲ್ಲಿ ಪಡೆಯಲಿ: ಇಂದಿನ ಸರೆಂಡರ್ ಮೌಲ್ಯ, ಪೇಡ್‌ಅಪ್ ಮೊತ್ತ, ಈವರೆಗೆ ಸೇರಿದ ಬೋನಸ್. ಎಕ್ಸೆಲ್‌ನ IRR ಸೂತ್ರ ಉಳಿದದ್ದನ್ನು ಹೇಳುತ್ತದೆ. ಬಿಡುವುದೆಂದು ತೀರ್ಮಾನಿಸಿದರೂ ಟರ್ಮ್ ಪಾಲಿಸಿ ಕೈಗೆ ಬರುವವರೆಗೆ ಹಳೆಯದನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಶುರುವಾದ ಮೇಲೆ ಹೊಸ ಅರ್ಜಿ ತಿರಸ್ಕೃತವಾಗಬಹುದು.

ನಿಯಂತ್ರಕರಿಗೂ ಒಂದು ಮಾತಿದೆ. ಬೋನಸ್ ಪಾಲಿಸಿಗಳನ್ನು ಮಾರುವಾಗ ಕೊಡುವ ಪಟ್ಟಿಯಲ್ಲಿ ಶೇ 4 ಮತ್ತು ಶೇ 8 ಎಂಬ ಎರಡು ಊಹೆಗಳಿರುತ್ತವೆ. ಅವು ಕಂಪನಿಯ ಹೂಡಿಕೆಯ ಗಳಿಕೆ ಕುರಿತವು, ಗ್ರಾಹಕನ ಕೈಗೆ ಬರುವ ಗಳಿಕೆಯಲ್ಲ. ಶೇ 8 ಓದಿದವನು ಅದು ತನ್ನದೆಂದೇ ತಿಳಿಯುತ್ತಾನೆ. ಗ್ರಾಹಕ ಸಹಿ ಹಾಕುವ ಜಾಗದ ಮೇಲೆಯೇ ಅವನ ನಿವ್ವಳ ವಾರ್ಷಿಕ ಗಳಿಕೆ, ಐದನೇ ವರ್ಷ ಬಿಟ್ಟರೆ ಸಿಗುವ ಮೊತ್ತ ಎರಡನ್ನೂ ದಪ್ಪಕ್ಷರದಲ್ಲಿ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು.