ಕೋಗಿಲಬನಕ್ಕೆ ಬರುವ ಪೆಟ್ಟಿಗೆಯ ಏಳು ದಿನ

ಉತ್ತರ ಕನ್ನಡಕ್ಕೆ ಕಡಲಿದೆ, ಕಾರವಾರದಲ್ಲಿ ಬಂದರೂ ಇದೆ. ಆದರೆ ದಾಂಡೇಲಿ ಪಕ್ಕದ ಕೋಗಿಲಬನದಲ್ಲೋ ಹಳಿಯಾಳದಲ್ಲೋ ಸಣ್ಣ ಕಾರ್ಖಾನೆ ಇಟ್ಟವರು ಹೊರದೇಶದಿಂದ ಯಂತ್ರ ತರಿಸಿದರೆ ಅದು ಕಾರವಾರದಲ್ಲಿ ಇಳಿಯುವುದಿಲ್ಲ, ಏಕೆಂದರೆ ಅಲ್ಲಿ ಕಂಟೈನರ್ ಟರ್ಮಿನಲ್ ಇಲ್ಲ. ಅನಮೋಡ ಘಾಟಿ ಇಳಿದರೆ ಸಿಗುವ ಗೋವಾದ ಮುರಗಾಂವ್ ಹತ್ತಿರವೇ, ಆದರೆ ಅಲ್ಲಿಗೆ ಬರುವ ಕಂಟೈನರ್ ಹಡಗುಗಳು ಕಡಿಮೆ. ಉಳಿಯುವುದು ಎರಡು: ಸುಮಾರು 350 ಕಿಲೋಮೀಟರ್ ದೂರದ ಪಣಂಬೂರು, ಇಲ್ಲವೇ ಪುಣೆ–ಬೆಳಗಾವಿ ಹೆದ್ದಾರಿಯಲ್ಲಿ 550 ಕಿಲೋಮೀಟರಿಗೂ ಹೆಚ್ಚು ದೂರವಿರುವ ಮುಂಬಯಿಯ ನಾವಾ ಶೇವಾ. ಹಡಗುಗಳು ಹೆಚ್ಚು, ಸಾಗಣೆ ದರ ಕಡಿಮೆ ಎಂಬ ಕಾರಣಕ್ಕೆ ಹಲವರು ನಾವಾ ಶೇವಾ ಕಡೆಗೇ ವಾಲುತ್ತಾರೆ. ನನ್ನ ಪ್ರಶ್ನೆ ಹುಟ್ಟುವುದೇ ಈ ದೂರದಿಂದ. ಹಡಗು ಕಂಪನಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುವ 'ಫ್ರೀ ಡೇಸ್' ದೂರದ ಊರಿನವರಿಗೆ ನಿಜಕ್ಕೂ ಎಷ್ಟು ಫ್ರೀ? ಆ ದಿನಗಳು ಮುಗಿದ ಮೇಲೆ ಬೀಳುವ ಹಣ ತಡಮಾಡಿದ್ದಕ್ಕೆ ದಂಡವೋ, ಪೆಟ್ಟಿಗೆಯ ಬಾಡಿಗೆಯೋ, ಅಥವಾ ಬರೇ ವರಮಾನವೋ?

ಮೊದಲು ತಿಳಿದಿರಬೇಕಾದ್ದು, ಓಡುವ ಗಡಿಯಾರ ಒಂದಲ್ಲ, ಎರಡು. ತುಂಬಿದ ಪೆಟ್ಟಿಗೆ ಬಂದರಿನ ಅಂಗಳದಲ್ಲೋ, ಬಂದರಿನ ಹೊರಗಿರುವ ಸಿಎಫ್‌ಎಸ್ ಎಂಬ ಸರಕು ನಿಲ್ದಾಣದಲ್ಲೋ ಕುಳಿತಷ್ಟು ಕಾಲ ನೆಲದ ಬಾಡಿಗೆ. ಅದನ್ನು ಡೆಮರೇಜ್ ಎನ್ನುತ್ತಾರೆ, ಬಿಲ್ಲಿನಲ್ಲಿ ಹೆಚ್ಚಾಗಿ ಗ್ರೌಂಡ್ ರೆಂಟ್ ಎಂದಿರುತ್ತದೆ. ಅದು ಜಾಗದವರಿಗೆ ಸೇರುತ್ತದೆ. ಪೆಟ್ಟಿಗೆ ಹಡಗು ಕಂಪನಿಯದು. ಅದನ್ನು ಇಳಿಸಿಕೊಂಡು ಖಾಲಿ ಮಾಡಿ, ಕಂಪನಿ ಹೇಳಿದ ಯಾರ್ಡಿಗೆ ವಾಪಸು ಮುಟ್ಟಿಸುವವರೆಗಿನ ಲೆಕ್ಕ ಡಿಟೆನ್ಷನ್. ನಮ್ಮಲ್ಲಿ ಈ ಎರಡನೆಯ ಗಡಿಯಾರ ಸಾಮಾನ್ಯವಾಗಿ ಪೆಟ್ಟಿಗೆ ಹಡಗಿನಿಂದ ಇಳಿದ ದಿನವೇ ಶುರುವಾಗುತ್ತದೆ. ಭಾನುವಾರ, ಹಬ್ಬ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ದರ ಡಾಲರಿನಲ್ಲಿರುತ್ತದೆ, ದಿನ ಕಳೆದಂತೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಮೇಲೆ ಜಿಎಸ್‌ಟಿ. ಎರಡೂ ಒಟ್ಟೊಟ್ಟಿಗೆ ಓಡಬಹುದು ಎಂಬುದನ್ನು ಮೊದಲ ಸಲ ತರಿಸುವವರು ಬಿಲ್ಲು ಕೈಗೆ ಬಂದ ಮೇಲೆಯೇ ತಿಳಿಯುತ್ತಾರೆ.

ಒಂದು ಉದಾಹರಣೆಯನ್ನು ದಿನ ದಿನವಾಗಿ ಬಿಡಿಸಿ ನೋಡೋಣ. ಕಾಗದದ ಸುರುಳಿ ಕತ್ತರಿಸುವ ಯಂತ್ರವೊಂದು ಚೀನಾದಿಂದ ನಲವತ್ತು ಅಡಿ ಪೆಟ್ಟಿಗೆಯಲ್ಲಿ ಕೋಗಿಲಬನಕ್ಕೆ ಬರಬೇಕು. ಫ್ರೀ ದಿನ ಏಳು. ಆಮೇಲಿನ ಐದು ದಿನ ದಿನಕ್ಕೆ 60 ಡಾಲರ್, ಅದರಾಚೆ 100 ಡಾಲರ್ ಎಂದಿಟ್ಟುಕೊಳ್ಳೋಣ. ದರಗಳು ಲೆಕ್ಕಕ್ಕಾಗಿ ನಾನು ಇಟ್ಟವು. ನಿಜದ ದರ ಕಂಪನಿಯಿಂದ ಕಂಪನಿಗೆ ಬೇರೆ.

ಸೋಮವಾರ ಪೆಟ್ಟಿಗೆ ಇಳಿಯಿತು, ಅದು ಮೊದಲನೇ ದಿನ. ಬಿಲ್ ಆಫ್ ಎಂಟ್ರಿ ಸಲ್ಲಿಸುವುದು ಬುಧವಾರಕ್ಕೆ ಹೋಯಿತು. 2021ರ ತಿದ್ದುಪಡಿಯ ಪ್ರಕಾರ ಅದನ್ನು ಹಡಗು ಬರುವ ಹಿಂದಿನ ದಿನದೊಳಗೇ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಹೀಗೆ 15,000 ರೂಪಾಯಿ ಕಸ್ಟಮ್ಸ್‌ಗೇ ಹೋಯಿತು. ಗುರುವಾರ ಪೆಟ್ಟಿಗೆ ತೆರೆದು ನೋಡಿದರೆ ಯಂತ್ರವನ್ನು ಬಿಗಿದ ಮರದ ಚೌಕಟ್ಟಿನ ಮೇಲೆ ಐಎಸ್‌ಪಿಎಂ-15 ಮುದ್ರೆ ಇಲ್ಲ. ಮರದಲ್ಲಿ ಹುಳು ಬರದಂತೆ ಕಾಯಿಸಿದ್ದಕ್ಕೆ ಅಥವಾ ಹೊಗೆ ಹಾಕಿದ್ದಕ್ಕೆ ಒತ್ತುವ ಗುರುತು ಅದು. ಸಸ್ಯ ಸಂಗರೋಧದವರ ಅಪ್ಪಣೆಯಂತೆ ಹೊಗೆ ಹಾಕಿಸುವಷ್ಟರಲ್ಲಿ ಶನಿವಾರ ಕಳೆಯಿತು. ಭಾನುವಾರಕ್ಕೆ ಏಳು ದಿನ ಮುಗಿದವು. ಯಂತ್ರ ಇನ್ನೂ ಮುಂಬಯಿಯಲ್ಲೇ ಇದೆ. ಸೋಮವಾರ ಸುಂಕ ಕಟ್ಟಿದ್ದಾಯಿತು, ಮಂಗಳವಾರ ಹಡಗು ಕಂಪನಿಯಿಂದ ಡೆಲಿವರಿ ಆರ್ಡರ್ ಪಡೆದು ಟ್ರೇಲರ್ ಹೊರಟಿತು. ಗುರುವಾರ ಕೋಗಿಲಬನ. ಕ್ರೇನ್ ಹುಬ್ಬಳ್ಳಿಯಿಂದ ಬರಬೇಕಿತ್ತು, ಶುಕ್ರವಾರ ಬಂತು. ಶನಿವಾರ ಖಾಲಿ ಪೆಟ್ಟಿಗೆ ಹಿಂದಿರುಗಿ ಹೊರಟು, ಸೋಮವಾರ ನಾವಾ ಶೇವಾದ ಯಾರ್ಡ್ ಮುಟ್ಟಿತು. ಅದು ಹದಿನೈದನೇ ದಿನ. ಎಂಟು ದಿನ ಹೆಚ್ಚಾಯಿತು: ಐದು ದಿನಕ್ಕೆ 300, ಮೂರು ದಿನಕ್ಕೆ 300, ಒಟ್ಟು 600 ಡಾಲರ್. ಶೇ. 18 ಜಿಎಸ್‌ಟಿ ಸೇರಿ 708. ಡಾಲರಿಗೆ 85 ರೂಪಾಯಿ ಹಿಡಿದರೆ ಅರವತ್ತು ಸಾವಿರ. ಸಿಎಫ್‌ಎಸ್ ಬಾಡಿಗೆ ಬೇರೆ.

ಇಷ್ಟು ಕೇಳಿದವರು 'ಅವರದೇ ಅಜಾಗರೂಕತೆ' ಎನ್ನಬಹುದು. ಹಾಗಿದ್ದರೆ ಯಾವ ತಪ್ಪೂ ಆಗದ ಲೆಕ್ಕವನ್ನೂ ಹಾಕೋಣ. ಬಿಲ್ ಆಫ್ ಎಂಟ್ರಿ ಮೊದಲೇ ಸಲ್ಲಿಸಿದೆ, ಮುದ್ರೆ ಇದೆ, ಸುಂಕ ಸಿದ್ಧ. ಎರಡನೇ ದಿನ ಕಸ್ಟಮ್ಸ್ ಬಿಟ್ಟಿತು, ಮೂರನೇ ದಿನ ಹೊರಟು ಐದನೇ ದಿನ ಕೋಗಿಲಬನ ಸೇರಿತು, ಅಂದೇ ಇಳಿಸಿದರು. ಆರನೇ ದಿನ ಹೊರಟ ಖಾಲಿ ಪೆಟ್ಟಿಗೆ ಯಾರ್ಡ್ ಸೇರುವುದು ಎಂಟನೇ ದಿನ. ಎಲ್ಲ ಸರಿಯಾಗಿ ಮಾಡಿದರೂ ಒಂದು ದಿನದ ಡಿಟೆನ್ಷನ್! ಅದೇ ಏಳು ದಿನ ಪನವೇಲಿನ ಗೋದಾಮಿನವರಿಗೆ ಧಾರಾಳ; ಅವರ ಪೆಟ್ಟಿಗೆ ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗುತ್ತದೆ. ಬಂದರಿನ ಬಾಗಿಲಲ್ಲಿರುವವರಿಗೆ ಹೊಲಿದ ಅಂಗಿಯನ್ನು ಘಟ್ಟದ ಮೇಲಿನವರಿಗೂ ತೊಡಿಸಿದಂತೆ ಇದು.

ಆದ್ದರಿಂದ ದಾಂಡೇಲಿ ಸೀಮೆಯವರ ಯೋಜನೆ ಹಡಗು ಬಂದ ಮೇಲಲ್ಲ, ಖರೀದಿಯ ಮಾತಾಡುವಾಗಲೇ ಶುರುವಾಗಬೇಕು. ಎಲ್ಲಕ್ಕಿಂತ ದೊಡ್ಡ ನಿರ್ಧಾರ, ಹಡಗು ಕಂಪನಿಯನ್ನು ಆರಿಸುವವರು ಯಾರು ಎಂಬುದು. ಸಿಐಎಫ್ ಬೆಲೆಗೆ ಕೊಂಡರೆ ಸಾಗಣೆ ಮಾಡಿಸುವವನು ಮಾರುವವ. ಅವನು ತನಗೆ ಅಗ್ಗವಾದ ಕಂಪನಿಯನ್ನು ಹಿಡಿಯುತ್ತಾನೆ. ಆ ಅಗ್ಗದ ಹಿಂದೆ ಫ್ರೀ ದಿನ ಕಡಿಮೆ ಇದ್ದರೆ ಅದನ್ನು ತೆರುವವರು ನಾವು. ಎಫ್‌ಒಬಿ ಬೆಲೆಗೆ ಕೊಂಡರೆ ಬುಕಿಂಗ್ ನಮ್ಮ ಕೈಯಲ್ಲಿ, ಹದಿನಾಲ್ಕು ದಿನ ಕೇಳುವ ಮಾತೂ ನಮ್ಮ ಬಾಯಲ್ಲಿ. ಬುಕಿಂಗ್‌ಗೆ ಮೊದಲು ಕೇಳಿದರೆ ಬಹಳಷ್ಟು ಸಲ ಕೊಡುತ್ತಾರೆ, ಹಡಗು ಬಂದ ಮೇಲೆ ಕೇಳಿದರೆ ಅದು ಬೇಡಿಕೊಳ್ಳುವುದಾಗುತ್ತದೆ. ಸಿಐಎಫ್ ಆದರೂ ಆರ್ಡರಿನಲ್ಲಿ 'ಇಳಿಯುವ ಬಂದರಿನಲ್ಲಿ 14 ದಿನ ಫ್ರೀ, ಬಿಲ್ ಆಫ್ ಲೇಡಿಂಗ್ ಮೇಲೆ ನಮೂದಿಸಬೇಕು' ಎಂದು ಬರೆಸಬಹುದು. ಬಾಯಿಮಾತಿನ ಭರವಸೆಯನ್ನು ಮುಂಬಯಿಯ ಕೌಂಟರಿನಲ್ಲಿ ಯಾರೂ ಗಣಿಸುವುದಿಲ್ಲ. ಮೇಲಿನ ಮೊದಲ ಲೆಕ್ಕದಲ್ಲಿ, ಅಷ್ಟೆಲ್ಲ ತಪ್ಪು ನಡೆದರೂ, ಹದಿನಾಲ್ಕು ದಿನ ಇದ್ದಿದ್ದರೆ ಡಿಟೆನ್ಷನ್ ಬೀಳುತ್ತಿದ್ದುದು ಒಂದೇ ದಿನಕ್ಕೆ. ಚುರುಕಾಗಿ ಓಡಾಡಿ ಉಳಿಸುವುದಕ್ಕಿಂತ ಬರೆಸಿಕೊಂಡು ಉಳಿಸುವುದು ಹೆಚ್ಚು ಎಂದು ಇದಕ್ಕೇ ಹೇಳುವುದು.

ಎರಡನೆಯ ನಿರ್ಧಾರ ಪೆಟ್ಟಿಗೆಯನ್ನು ಎಲ್ಲಿ ಖಾಲಿ ಮಾಡುವುದು ಎಂಬುದು. ಕೋಗಿಲಬನದವರೆಗೆ ತಂದರೆ ಅದು ಖಾಲಿಯಾಗಿ 550 ಕಿಲೋಮೀಟರ್ ಮರಳಬೇಕು. ಸಿಎಫ್‌ಎಸ್‌ನಲ್ಲೇ ಸರಕು ಇಳಿಸಿ, ನಮ್ಮ ಕಡೆಯ ತೆರೆದ ಲಾರಿಗೆ ಹೇರಿದರೆ ಡಿಟೆನ್ಷನ್ ಗಡಿಯಾರ ಮೂರನೇ ನಾಲ್ಕನೇ ದಿನಕ್ಕೇ ನಿಲ್ಲುತ್ತದೆ. ಇಳಿಸಿ ಹೇರುವ ಕೂಲಿ ಹೆಚ್ಚಾಗುತ್ತದೆ, ಸೂಕ್ಷ್ಮ ಯಂತ್ರಕ್ಕೆ ಪೆಟ್ಟಾಗುವ ಭಯವೂ ಇದೆ. ಹಾಗಾಗಿ ಕಾಗದದ ತಿರುಳಿನ ಬೇಲುಗಳಿಗೆ ಈ ದಾರಿ ಒಪ್ಪುತ್ತದೆ, ಕತ್ತರಿಸುವ ಯಂತ್ರಕ್ಕೆ ನಾನಾದರೆ ಒಪ್ಪುವುದಿಲ್ಲ. ಇನ್ನೊಂದು ದಾರಿ, ಖಾಲಿ ಪೆಟ್ಟಿಗೆಯನ್ನು ಇತ್ತ ಕಡೆಯಿಂದಲೇ ರಫ್ತು ಮಾಡುವವರಿಗೆ ದಾಟಿಸುವುದು. ಅದೇ ಹಡಗು ಕಂಪನಿ ಒಪ್ಪಬೇಕು, ಅದೇ ವಾರ ಅದೇ ಅಳತೆಯ ಪೆಟ್ಟಿಗೆ ಬೇಕಾದವರು ಸಿಗಬೇಕು. ಸಿಕ್ಕರೆ ಒಳ್ಳೆಯದು, ಅದನ್ನೇ ನಂಬಿ ಲೆಕ್ಕ ಹಾಕಬಾರದು.

ಇನ್ನು ತಪ್ಪು ನಮ್ಮದಲ್ಲದಾಗ? 2001ರಲ್ಲಿ ಸಿ.ಎಲ್. ಜೈನ್ ವೂಲನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಸ್ಟಮ್ಸ್ ಅಕ್ರಮವಾಗಿ ಸರಕು ತಡೆದಿದ್ದರೂ ಅದನ್ನು ಇಟ್ಟುಕೊಂಡವರಿಗೆ ಡೆಮರೇಜ್ ವಸೂಲಿ ಮಾಡುವ ಹಕ್ಕು ಹೋಗುವುದಿಲ್ಲ ಎಂದಿತು. ಈ ಕಟುತನವನ್ನು ಆಮೇಲಿನ ನಿಯಮಗಳು ಸ್ವಲ್ಪ ಸಡಿಲಿಸಿದವು. 2018ರ ಸಮುದ್ರ ಸರಕು ನಿಯಮಗಳಂತೆ, ನಮೂದಿಸಿದ ವಿವರ ತಾಳೆ ನೋಡಲು ಕಸ್ಟಮ್ಸ್ ಸರಕನ್ನು ತಡೆದು, ಕೊನೆಗೆ ವಿವರ ಸರಿ ಎಂದು ಕಂಡುಬಂದರೆ ಹಡಗು ಕಂಪನಿ ಡಿಟೆನ್ಷನ್ ಕೇಳುವಂತಿಲ್ಲ. ಅದೂ ಅರವತ್ತು ದಿನದವರೆಗೆ ಮಾತ್ರ. ನಮ್ಮ ಉದಾಹರಣೆಯ ಮರದ ಮುದ್ರೆಗೆ ಈ ರಕ್ಷಣೆ ಇಲ್ಲ, ಏಕೆಂದರೆ ಅದು ವಿವರದ ತಾಳೆಯಲ್ಲ. ತಡವಾಗುವುದು ಖಚಿತ ಎಂದು ಕಂಡರೆ ಕಸ್ಟಮ್ಸ್ ಕಾಯ್ದೆಯ 49ನೇ ಕಲಮಿನಡಿ ಸರಕನ್ನು ಗೋದಾಮಿಗೆ ಹಾಕಿಸಲು ಕೇಳಬಹುದು. ಪೆಟ್ಟಿಗೆಯಿಂದ ಸರಕು ಹೊರಬಂದರೆ ಪೆಟ್ಟಿಗೆಯ ಗಡಿಯಾರವಾದರೂ ನಿಲ್ಲುತ್ತದೆ. ಸುಂಕದ ತಕರಾರು ಎದ್ದ ಮೊದಲ ದಿನವೇ ಕ್ಲಿಯರಿಂಗ್ ಏಜೆಂಟರನ್ನು ಈ ಬಗ್ಗೆ ಕೇಳಬೇಕು, ಹತ್ತನೇ ದಿನವಲ್ಲ.

ಹಡಗು ಕಂಪನಿಗಳ ವಾದದಲ್ಲೂ ಹುರುಳಿದೆ. ಡಿಟೆನ್ಷನ್ ಇಲ್ಲದಿದ್ದರೆ ಪೆಟ್ಟಿಗೆಯನ್ನೇ ಅಗ್ಗದ ಗೋದಾಮು ಮಾಡಿಕೊಳ್ಳುವವರು ಕಡಿಮೆಯಿಲ್ಲ. ಆಗ ರಫ್ತು ಮಾಡುವವರಿಗೆ ಪೆಟ್ಟಿಗೆ ಸಿಗುವುದಿಲ್ಲ. ಬೇಗ ಮರಳಿಸಲಿ ಎಂಬುದಕ್ಕೆ ಬೆಲೆ ಕಟ್ಟುವುದು ನ್ಯಾಯವೇ. ಆದರೆ ಆ ನ್ಯಾಯಕ್ಕೆ ಮಿತಿ ಇದೆ. ಬಾಂಗ್ಲಾದೇಶದ ಚಿತ್ತಗಾಂಗ್‌ಗೆ 2011ರಲ್ಲಿ ಹೋದ ಹತ್ತಿಯ 35 ಪೆಟ್ಟಿಗೆಗಳನ್ನು, ಹತ್ತಿಯ ಬೆಲೆ ಕುಸಿದದ್ದರಿಂದ, ಕೊಂಡವರು ಬಿಡಿಸಿಕೊಳ್ಳಲಿಲ್ಲ. ಪೆಟ್ಟಿಗೆಯೊಂದರ ಬೆಲೆ 3,262 ಡಾಲರ್; ಹಡಗು ಕಂಪನಿ ಕೇಳಿದ ಹಣ ಒಟ್ಟು ಹತ್ತು ಲಕ್ಷ ಡಾಲರ್ ದಾಟಿತ್ತು. 2016ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಈ ಗಡಿಯಾರ ಅನಂತವಾಗಿ ಓಡಲಾರದು, ಪೆಟ್ಟಿಗೆ ಮರಳುವ ಭರವಸೆ ಸತ್ತ ಕಡೆ ಅದೂ ನಿಲ್ಲಬೇಕು ಎಂದಿತು. ಪೆಟ್ಟಿಗೆಯ ಬೆಲೆಯನ್ನೂ ಮೀರಿದ ಮೇಲೆ ಕೇಳುವ ಹಣವನ್ನು ಪೆಟ್ಟಿಗೆಯ ಬಾಡಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅಮೆರಿಕದ ಕಡಲ ವ್ಯಾಪಾರ ಆಯೋಗ 2020ರಲ್ಲಿ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳಿತು: ಈ ಶುಲ್ಕ ಸರಕು ಚಲಿಸುವಂತೆ ಮಾಡಲು ಇರುವುದು, ಚಲಿಸಲು ಸಾಧ್ಯವೇ ಇಲ್ಲದಾಗ ವಿಧಿಸಿದರೆ ಅದಕ್ಕೆ ಅರ್ಥವಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಪುಸ್ತಕದ ಮಾತಲ್ಲ. ಪಣಂಬೂರಿನಿಂದ ದಾಂಡೇಲಿಗೆ ಬರುವ ದಾರಿ ಕುಮಟಾ, ಅಂಕೋಲಾ ಮೂಲಕ ಅರಬೈಲ್ ಘಾಟಿ ಹತ್ತಿ ಯಲ್ಲಾಪುರಕ್ಕೆ ಸೇರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತು, ಹೆದ್ದಾರಿ ಮುಚ್ಚಿದಾಗ ಆ ದಾರಿಯೇ ಇರಲಿಲ್ಲ. ಅಂಥ ದಿನಗಳಲ್ಲಿ ಪೆಟ್ಟಿಗೆಗೆ ದಿನಕ್ಕೆ ನೂರು ಡಾಲರ್ ಏರಿಸಿದರೆ ಯಾರನ್ನು ಚುರುಕುಗೊಳಿಸಿದಂತಾಯಿತು? 2020ರ ಮಾರ್ಚ್ 29ರಂದು ಲಾಕ್‌ಡೌನ್ ಕಾರಣಕ್ಕೆ ನೌಕಾಯಾನ ಮಹಾನಿರ್ದೇಶನಾಲಯ, ಮಾರ್ಚ್ 22ರಿಂದ ಏಪ್ರಿಲ್ 14ರವರೆಗೆ ಡಿಟೆನ್ಷನ್ ಹಾಕಬೇಡಿ ಎಂದು ಹಡಗು ಕಂಪನಿಗಳಿಗೆ ಸೂಚಿಸಿತ್ತು. ದೇಶಕ್ಕೆಲ್ಲ ಸಂಕಟ ಬಂದಾಗ ನಿಲ್ಲಿಸಿದ ಗಡಿಯಾರವನ್ನು, ಸರಕಾರವೇ ಹೆದ್ದಾರಿ ಮುಚ್ಚಿದ ಒಂದು ಸೀಮೆಗೆ ನಿಲ್ಲಿಸುವುದಕ್ಕೆ ಅಡ್ಡಿ ಏನು? ಜಿಲ್ಲಾಧಿಕಾರಿಯ ಆದೇಶದಲ್ಲಿ ಮುಚ್ಚಿದ ದಿನ, ತೆರೆದ ದಿನ ಎರಡೂ ಇರುತ್ತವೆ. ಲೆಕ್ಕದಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಅಂಥ ನಿಯಮ ಬರುವವರೆಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಿಸುವ ಸರಕಿಗೆ ಬುಕಿಂಗ್ ಪತ್ರದಲ್ಲೇ ಒಂದು ಸಾಲು ಸೇರಿಸಲು ಕೇಳುವುದು ಒಳ್ಳೆಯದು: ಅಧಿಕೃತವಾಗಿ ಮುಚ್ಚಿದ ರಸ್ತೆಯ ದಿನಗಳು ಡಿಟೆನ್ಷನ್ ಲೆಕ್ಕಕ್ಕೆ ಸೇರತಕ್ಕದ್ದಲ್ಲ. ದೊಡ್ಡ ಕಾರ್ಖಾನೆಗೆ ಒಪ್ಪುವ ಕಂಪನಿ ಒಂದೇ ಪೆಟ್ಟಿಗೆ ತರಿಸುವವನಿಗೆ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಮಳೆಗಾಲದ ಮಟ್ಟಿಗೆ ಹೆಚ್ಚು ದೂರವಾದರೂ ಬೆಳಗಾವಿ ಮಾರ್ಗದ ನಾವಾ ಶೇವಾವನ್ನೇ ಹಿಡಿದು, ಹದಿನಾಲ್ಕು ದಿನ ಬರೆಸಿಕೊಂಡು, ಟ್ರೇಲರ್ ಬೆಳಗಾವಿ ದಾಟುವ ಮೊದಲೇ ಹುಬ್ಬಳ್ಳಿಯ ಕ್ರೇನಿಗೆ ಹೇಳಿಡಬೇಕು.