ಸುಳ್ಳು ಹೇಳಿದವರೇ ಬಿಡಿಸಿ ಹೇಳಲಿ

2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ ಕಂಪನಿ 6,89,003 ಬಳಕೆದಾರರ ನ್ಯೂಸ್ ಫೀಡಿಗೆ ಕೈಹಾಕಿತು. ಕೆಲವರಿಗೆ ಗೆಳೆಯರ ಖುಷಿಯ ಮಾತುಗಳನ್ನು ಕಡಿಮೆ ಮಾಡಿ ತೋರಿಸಿತು, ಇನ್ನು ಕೆಲವರಿಗೆ ಬೇಸರದ ಮಾತುಗಳನ್ನು. ಹಾಗೆ ಮಾಡಿದರೆ ಅವರು ತಾವಾಗಿ ಬರೆಯುವುದರ ಧಾಟಿ ಬದಲಾಗುತ್ತದೆಯೇ ಎಂದು ನೋಡುವುದು ಉದ್ದೇಶ. ಆಯ್ಕೆಯಾಗಲು ಫೇಸ್‌ಬುಕ್ಕನ್ನು ಇಂಗ್ಲಿಷಿನಲ್ಲಿ ನೋಡುವವರಾಗಿದ್ದರೆ ಸಾಕಿತ್ತು. ಕಾಸರಗೋಡಿನ ಯಾವುದೋ ಕಾಲೇಜಿನಲ್ಲಿ ಆಗ ಬಿ.ಎ. ಓದುತ್ತಿದ್ದ, ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಫೋನಿನಲ್ಲಿ ಇಂಗ್ಲಿಷ್ ಇಟ್ಟುಕೊಂಡಿದ್ದ ಹುಡುಗನೂ ಅದರೊಳಗೆ ಇದ್ದಿರಬಹುದು. ಇದ್ದನೋ ಇಲ್ಲವೋ ಎಂಬುದನ್ನು ಅವನಿಗೆ ಯಾರೂ ತಿಳಿಸಲಿಲ್ಲ.

2014ರ ಜೂನಿನಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನ ಬಂದಾಗ ಗಲಾಟೆ ಎದ್ದಿತು. ಲೇಖನದ ಸಹಲೇಖಕರಿದ್ದ ಕಾರ್ನೆಲ್ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ ಈ ಪ್ರಯೋಗವನ್ನು ಪರಿಶೀಲಿಸಿಯೇ ಇರಲಿಲ್ಲ. ದತ್ತಾಂಶ ಸಂಗ್ರಹಿಸಿದ್ದು ಕಂಪನಿ, ನಮ್ಮ ಪ್ರಾಧ್ಯಾಪಕರು ನೋಡಿದ್ದು ಫಲಿತಾಂಶವನ್ನಷ್ಟೇ, ಹಾಗಾಗಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಅದರ ಲೆಕ್ಕ. ಬಳಕೆದಾರರು ಷರತ್ತುಗಳಿಗೆ ಒಪ್ಪಿದ್ದಾರಲ್ಲ ಎಂದು ಲೇಖನ ಹೇಳಿತು. ಆ ಷರತ್ತುಗಳ ಪೈಕಿ ಬಳಕೆದಾರರ ಮಾಹಿತಿಯನ್ನು ಸಂಶೋಧನೆಗೆ ಬಳಸಬಹುದೆಂಬ ಮಾತು ಸೇರಿದ್ದೇ ಪ್ರಯೋಗ ಮುಗಿದು ನಾಲ್ಕು ತಿಂಗಳಾದ ಮೇಲೆ ಎಂದು ಆಮೇಲೆ ಪತ್ರಕರ್ತರು ಹೊರಗೆಳೆದರು. ಪತ್ರಿಕೆ ಲೇಖನವನ್ನು ಹಿಂತೆಗೆದುಕೊಳ್ಳಲಿಲ್ಲ, ಕಳವಳ ಸೂಚಿಸುವ ಸಂಪಾದಕೀಯ ಟಿಪ್ಪಣಿಯೊಂದನ್ನು ಹಾಕಿ ಕೈತೊಳೆದುಕೊಂಡಿತು.

ಆ ಜಗಳ ಇನ್ನೂ ಮುಗಿದಿಲ್ಲ, ಎರಡೂ ಕಡೆಯವರು ಅದೇ ಹಳೆಯ ಮಾತನ್ನೇ ಆಡುತ್ತಿದ್ದಾರೆ. ಮನುಷ್ಯರ ಮೇಲೆ ಸುಳ್ಳು ಹೇಳಿ ಪ್ರಯೋಗ ಮಾಡುವುದೇ ತಪ್ಪು, ನಿಷೇಧಿಸಿ ಎನ್ನುತ್ತದೆ ಒಂದು ಪಕ್ಷ. ಬಳಸುವ ಪದಗಳಲ್ಲಿ ಸಾವಿರಕ್ಕೆ ಒಂದರಷ್ಟು ವ್ಯತ್ಯಾಸವಾದರೆ ಯಾರ ಗಂಟು ಹೋಯಿತು ಎನ್ನುತ್ತದೆ ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಪ್ರಯೋಗಕ್ಕೆ ಮೊದಲು ಹೇಳಿದ ಸುಳ್ಳಿನ ಬಗ್ಗೆ ಇಷ್ಟೆಲ್ಲ ಮಾತಾಡುವವರು, ಪ್ರಯೋಗ ಮುಗಿದ ಮೇಲೆ ಹೇಳಬೇಕಾದ ನಿಜದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಡೀಬ್ರೀಫಿಂಗ್ ಎಂದು ಕರೆಯುವ ಆ ಕೆಲಸದಲ್ಲೇ ನಮ್ಮ ಎಥಿಕ್ಸ್ ಕಮಿಟಿಗಳು ಸೋಲುತ್ತಿವೆ ಎಂಬುದು ನನ್ನ ವಾದ.

ಮೊದಲ ಪಕ್ಷದವರಿಗೆ ಒಂದು ಉದಾಹರಣೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ಫಿಲ್ಮ್ ತೋರಿಸಿದರು. ಕಾರುಗಳು ಒಂದಕ್ಕೊಂದು ‘ತಾಗಿದಾಗ’ ವೇಗ ಎಷ್ಟಿತ್ತು ಎಂದು ಕೆಲವರನ್ನು ಕೇಳಿದರು, ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದು ಇನ್ನು ಕೆಲವರನ್ನು. ವಾರ ಬಿಟ್ಟು ಕರೆದು, ಒಡೆದ ಗಾಜು ನೋಡಿದಿರಾ ಎಂದು ವಿಚಾರಿಸಿದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ‘ಅಪ್ಪಳಿಸಿ’ದ ಪ್ರಶ್ನೆ ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ನೋಡಿದೆವು ಎಂದರು, ‘ತಾಗಿ’ದ ಪ್ರಶ್ನೆಯ 50ರಲ್ಲಿ 7 ಮಂದಿ. ಪೊಲೀಸ್ ಠಾಣೆಯಲ್ಲಿ ಸಾಕ್ಷಿಯನ್ನು ಹೇಗೆ ಪ್ರಶ್ನಿಸಬೇಕು, ಕೋರ್ಟಿನಲ್ಲಿ ಕಣ್ಣಾರೆ ಕಂಡವರ ಮಾತನ್ನು ಎಷ್ಟು ನಂಬಬೇಕು ಎಂಬ ಚರ್ಚೆಗೆ ಈ ಪ್ರಯೋಗ ದಾರಿ ಮಾಡಿತು. ನಿಮ್ಮ ನೆನಪನ್ನು ಒಂದು ಪದದಿಂದ ಕದಡಲು ಹೊರಟಿದ್ದೇವೆ ಎಂದು ಮೊದಲೇ ಹೇಳಿದ್ದರೆ ಪ್ರಯೋಗವೇ ಇಲ್ಲ. ಯಾರಿಗೂ ನೋವಾಗಿಲ್ಲ, ನಿಜ ತಿಳಿದಿದ್ದರೂ ಕೂರಲು ಒಲ್ಲೆ ಎನ್ನುವವರು ಬಹುಶಃ ಇರಲಿಲ್ಲ. ಇಂಥ ಅರ್ಜಿ ಬಂದರೆ ಯಾವ ಕಮಿಟಿಯೂ ಒಪ್ಪಬೇಕು, ನಾನೂ ಒಪ್ಪುತ್ತೇನೆ.

ಕಮಿಟಿ ನೋಡಬೇಕಾದ್ದು ಇಷ್ಟೇ: ನಿಜ ಹೇಳಿಯೇ ಈ ಪ್ರಶ್ನೆಗೆ ಉತ್ತರ ಪಡೆಯುವ ದಾರಿ ಇದೆಯೇ, ಅಪಾಯ ದಿನನಿತ್ಯದ ಬದುಕಿನಲ್ಲಿ ಇರುವುದಕ್ಕಿಂತ ಹೆಚ್ಚೇ, ಮುಚ್ಚಿಟ್ಟ ಸಂಗತಿ ಗೊತ್ತಿದ್ದಿದ್ದರೆ ಆ ವ್ಯಕ್ತಿ ಬರಲು ನಿರಾಕರಿಸುತ್ತಿದ್ದನೇ. ಅಮೆರಿಕದ ಮನಶ್ಶಾಸ್ತ್ರ ಸಂಘದ ಸಂಹಿತೆ ಇನ್ನೂ ಬಿಗಿಯಾಗಿ ಹೇಳುತ್ತದೆ. ದೈಹಿಕ ನೋವು ಅಥವಾ ತೀವ್ರ ಮಾನಸಿಕ ಸಂಕಟ ಆಗುವ ಸಂಭವವಿದ್ದರೆ ಅದರ ಬಗ್ಗೆ ಸುಳ್ಳು ಹೇಳಲೇಬಾರದು. ನಮ್ಮ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಇಂಥ ಸಂಶೋಧನೆಯನ್ನು ನಿಷೇಧಿಸಿಲ್ಲ. ಕಮಿಟಿ ಎಚ್ಚರದಿಂದ ಪರಿಶೀಲಿಸಬೇಕು, ಆರಂಭದಲ್ಲೊಂದು ಒಪ್ಪಿಗೆ, ಕೊನೆಯಲ್ಲೊಂದು ಡೀಬ್ರೀಫಿಂಗ್ ಎಂಬ ಎರಡು ಹಂತ ಬೇಕಾಗಬಹುದು ಎನ್ನುತ್ತದೆ.

ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ಎರಡನೆಯ ಹಂತ ಕೆಲಸ ಮಾಡುತ್ತದೆಂದು ಯಾರು ಹೇಳಿದರು? ಈ ಪ್ರಶ್ನೆಗೆ ಉತ್ತರ 1975ರಲ್ಲೇ ಸಿಕ್ಕಿದೆ. ಸ್ಟಾನ್‌ಫರ್ಡಿನ ಲೀ ರಾಸ್, ಮಾರ್ಕ್ ಲೆಪರ್, ಮೈಕೆಲ್ ಹಬ್ಬರ್ಡ್ ಮೂವರೂ ವಿದ್ಯಾರ್ಥಿಗಳ ಕೈಗೆ ಆತ್ಮಹತ್ಯೆಯ ಪತ್ರಗಳ ಜೋಡಿಗಳನ್ನು ಕೊಟ್ಟರು. ಪ್ರತಿ ಜೋಡಿಯಲ್ಲಿ ಒಂದು ಅಸಲಿ, ಒಂದು ನಕಲಿ, ಯಾವುದು ಯಾವುದೆಂದು ಗುರುತಿಸಬೇಕು. ಪ್ರತಿ ಉತ್ತರಕ್ಕೂ ಸರಿ, ತಪ್ಪು ಎಂದು ಹೇಳುತ್ತ ಹೋದರು. ಆ ಸರಿ-ತಪ್ಪುಗಳಿಗೂ ಕೊಟ್ಟ ಉತ್ತರಕ್ಕೂ ಸಂಬಂಧವೇ ಇರಲಿಲ್ಲ. ಯಾರಿಗೆ ಗೆಲುವು, ಯಾರಿಗೆ ಸೋಲು ಎಂದು ಮೊದಲೇ ಪಟ್ಟಿಯಾಗಿತ್ತು. ಕೆಲವರು ತಾವು ಈ ವಿಷಯದಲ್ಲಿ ಬಹಳ ಚುರುಕು ಎಂದುಕೊಂಡರು, ಕೆಲವರು ತಮಗೆ ಮನುಷ್ಯರ ಮನಸ್ಸೇ ಅರ್ಥವಾಗುವುದಿಲ್ಲ ಎಂದುಕೊಂಡರು.

ಆಮೇಲೆ ಸಂಶೋಧಕರು ಕೂರಿಸಿ ನಿಜ ಹೇಳಿದರು. ಅಂಕಗಳೆಲ್ಲ ಸುಳ್ಳು, ನೀವು ಕೊಟ್ಟ ಉತ್ತರವನ್ನು ನಾವು ನೋಡಿಯೂ ಇಲ್ಲ, ಇಗೋ ಪಟ್ಟಿ ಎಂದು ತೋರಿಸಿಯೂ ಬಿಟ್ಟರು. ವಿದ್ಯಾರ್ಥಿಗಳಿಗೆ ಅರ್ಥವಾಯಿತು. ಅದರ ಬೆನ್ನಿಗೇ, ನಿಜವಾಗಿ ಎಷ್ಟು ಸರಿ ಮಾಡಿರಬಹುದು, ಇಂಥದೇ ಇನ್ನೊಂದು ಕೆಲಸ ಕೊಟ್ಟರೆ ಎಷ್ಟು ಮಾಡಬಲ್ಲಿರಿ ಎಂದು ಕೇಳಿದಾಗ, ‘ಗೆದ್ದವರು’ ಹೆಚ್ಚೆಂದರು, ‘ಸೋತವರು’ ಕಡಿಮೆ ಎಂದರು. ಸುಳ್ಳು ಎಂದು ತಿಳಿದ ಮೇಲೂ ಸುಳ್ಳಿನ ಫಲ ಉಳಿಯಿತು. ಅಂಕ ಬಂದ ಗಳಿಗೆಯಿಂದ ಮನಸ್ಸು ಅದಕ್ಕೆ ಕಾರಣ ಹುಡುಕಲು ಶುರುಮಾಡಿರುತ್ತದೆ. ನಾನು ಮೊದಲಿನಿಂದಲೂ ಹೀಗೇ, ಎಸೆಸೆಲ್ಸಿಯಲ್ಲೂ ಹೀಗೇ ಆಗಿತ್ತು ಎಂದು ಹಳೆಯದನ್ನೆಲ್ಲ ಕೆದಕಿ ತಂದಿರುತ್ತದೆ. ಅಂಕ ಹಿಂದಕ್ಕೆ ಹೋದರೂ ಆ ಕಾರಣಗಳು ಹೋಗುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಅವರು ಇನ್ನೊಂದು ಬಗೆಯ ಡೀಬ್ರೀಫಿಂಗ್ ಮಾಡಿ ನೋಡಿದರು. ಅಂಕ ಸುಳ್ಳು ಎಂದಷ್ಟೇ ಹೇಳಿ ಬಿಡದೆ, ಸುಳ್ಳೆಂದು ತಿಳಿದ ಮೇಲೂ ಮನಸ್ಸು ಅದನ್ನು ಹೇಗೆ ಹಿಡಿದುಕೊಂಡಿರುತ್ತದೆ, ನಿಮ್ಮಲ್ಲೂ ಈಗ ಅದು ಹೇಗೆ ನಡೆಯುತ್ತಿರಬಹುದು ಎಂಬುದನ್ನು ಬಿಡಿಸಿ ವಿವರಿಸಿದರು. ಆಗ ಹೆಚ್ಚುಕಡಿಮೆ ಎಲ್ಲವೂ ಅಳಿಯಿತು. ಅಂದರೆ ಒಳ್ಳೆಯ ಡೀಬ್ರೀಫಿಂಗ್ ಸಾಧ್ಯ. ಅದಕ್ಕೆ ಎದುರು ಕೂತು ಮಾತಾಡಬೇಕು, ತಿರುಗಿ ಪ್ರಶ್ನೆ ಕೇಳಲು ಬಿಡಬೇಕು. ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಓದಿಕೊಂಡು ಹೋಗಿ ಎಂದರೆ ಆಗುವುದಲ್ಲ.

ಹಾಳೆಯನ್ನೂ ಇಡದವರ ಕಥೆ ಮಿಲ್‌ಗ್ರಾಂ ಅವರದು. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ, ಪಕ್ಕದ ಕೋಣೆಯವನಿಗೆ ಕರೆಂಟ್ ಶಾಕ್ ಕೊಡುತ್ತಿದ್ದೇವೆ ಎಂದು ನಂಬಿಸಿ ಮಾಡಿದ ಅವರ ಪ್ರಯೋಗ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಆಸ್ಟ್ರೇಲಿಯದ ಗಿನಾ ಪೆರಿ ಹಳೆಯ ದಾಖಲೆಗಳನ್ನು ಕೆದಕಿ ತೆಗೆದದ್ದು: ಅನೇಕರನ್ನು ಮನೆಗೆ ಕಳಿಸುವಾಗ ಶಾಕ್ ಸುಳ್ಳು ಎಂದು ಹೇಳಿಯೇ ಇರಲಿಲ್ಲ. ಅಂಚೆಯಲ್ಲಿ ವರದಿ ಬರುವವರೆಗೆ, ತಿಂಗಳುಗಟ್ಟಲೆ, ತಾನೊಬ್ಬನಿಗೆ ಹಿಂಸೆ ಕೊಟ್ಟೆ ಎಂದುಕೊಂಡೇ ಅವರು ಬದುಕಿದರು. ನಿಜ ಹೇಳಿದರೆ ಮುಂದೆ ಬರುವವರಿಗೆ ಸುದ್ದಿ ಹೋಗುತ್ತದೆ ಎಂಬುದು ಸಂಶೋಧಕರ ಯಾವಾಗಲೂ ಇರುವ ನೆಪ. ನೆಪದಲ್ಲಿ ಸತ್ಯವೂ ಇದೆ, ಕಾಲೇಜು ಹಾಸ್ಟೆಲಿನಲ್ಲಿ ಸುದ್ದಿ ಎಷ್ಟು ಬೇಗ ಓಡುತ್ತದೆಂದು ನಮಗೆ ಗೊತ್ತಿಲ್ಲವೇ. ಅದಕ್ಕೇ ದತ್ತಾಂಶ ಸಂಗ್ರಹ ಮುಗಿಯುವವರೆಗೆ ಕಾಯಲು ಸಂಹಿತೆ ಅವಕಾಶ ಕೊಟ್ಟಿದೆ. ಮುಗಿದ ಮೇಲೂ ಹೇಳದಿರಲು ಕೊಟ್ಟಿಲ್ಲ. ಹೇಳಿದ ಮೇಲೆ, ನನ್ನ ಉತ್ತರವನ್ನು ತೆಗೆದುಬಿಡಿ ಎನ್ನುವ ಹಕ್ಕು ಆ ವ್ಯಕ್ತಿಯದು.

ಈಗ ಇದನ್ನು ನಮ್ಮ ಜಿಲ್ಲೆಗೆ ತನ್ನಿ. ಬದಿಯಡ್ಕದ ಕಡೆಯ, ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಇಂಥ ಪ್ರಯೋಗಕ್ಕೆ ಕೂತಿದ್ದಾಳೆಂದು ಇಟ್ಟುಕೊಳ್ಳಿ. ಒಪ್ಪಿಗೆಪತ್ರ ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಮಲಯಾಳದಲ್ಲಿ. ಬುದ್ಧಿಮತ್ತೆ ಪರೀಕ್ಷೆ ಎಂದು ಹೇಳಿ, ನಿನ್ನ ಅಂಕ ಸರಾಸರಿಗಿಂತ ಕೆಳಗೆ ಎಂಬ ಸುಳ್ಳು ಫಲಿತಾಂಶ ಕೊಟ್ಟರು. ಆ ಮಾತು ಅವಳಿಗೆ ಯಾವ ಭಾಷೆಯಲ್ಲೂ ತಟ್ಟುತ್ತದೆ. ಕೊನೆಗೆ ಐದು ನಿಮಿಷದಲ್ಲಿ, ಅವಳಿಗೆ ಅರ್ಧ ಅರ್ಥವಾಗುವ ಭಾಷೆಯಲ್ಲಿ ಸಂಶೋಧಕರು ನಿಜ ಹೇಳಿ ಎದ್ದರು. ಸ್ಟಾನ್‌ಫರ್ಡಿನಲ್ಲಿ ತಮ್ಮದೇ ಭಾಷೆಯಲ್ಲಿ ಕೇಳಿದವರ ಮನಸ್ಸಿನಿಂದಲೇ ಹೋಗದ್ದು ಇವಳ ಮನಸ್ಸಿನಿಂದ ಹೋಗುತ್ತದೆಯೇ? ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಬೀದಿಗಿಳಿಯುವ ಊರು ನಮ್ಮದು. ಸಂಶೋಧನೆಯ ಕಾಗದ ಮಾತ್ರ ಯಾವ ಭಾಷೆಯಲ್ಲಿದ್ದರೂ ಆದೀತು ಎಂದು ಸುಮ್ಮನಿರಬೇಕೇ?

ಇಲ್ಲಿನ ಜನರಿಗೆ ಸಂಶೋಧನೆಯ ಬಗ್ಗೆ ಇರುವ ಸಂಶಯಕ್ಕೆ ಬೇರೆ ಕಾರಣವೂ ಇದೆ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳ ಬಳಿಕ, 2001ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆ ಜನರ ರಕ್ತದಲ್ಲಿ ವಿಷದ ಅಂಶವಿದೆ ಎಂದಿತು. ಪ್ಲಾಂಟೇಶನ್ ಕಾರ್ಪೊರೇಶನ್ ಹಣ ಕೊಟ್ಟು ಮಾಡಿಸಿದ ಅಧ್ಯಯನ ಇಲ್ಲ ಎಂದಿತು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದೆ ಎಂದಿತು. ಒಂದೇ ಊರಿನ ರಕ್ತ, ತದ್ವಿರುದ್ಧ ಉತ್ತರ. ಇದು ಮನಶ್ಶಾಸ್ತ್ರದ ಪ್ರಯೋಗವಲ್ಲ, ನಿಜ. ಆದರೆ ಹೀಗೆ ಒಮ್ಮೆ ಬೆಂದ ಊರಿನಲ್ಲಿ ಸುಳ್ಳು ಹೇಳಿ ಪ್ರಯೋಗ ಮಾಡಲು ಹೊರಟವರ ಅಪಾಯದ ಲೆಕ್ಕ ಬೇರೆಯೇ ಆಗಬೇಕು. ಮೋಸ ಹೋದೆ ಎಂದು ತಿಳಿದ ಒಬ್ಬಾಕೆ ನಾಳೆ ಬರುವ ವೈದ್ಯಕೀಯ ಸರ್ವೆಯವರಿಗೂ ಬಾಗಿಲು ಹಾಕಿದರೆ, ಆ ನಷ್ಟ ಯಾವ ಅರ್ಜಿಯ ಯಾವ ಕಾಲಮಿನಲ್ಲೂ ಬರುವುದಿಲ್ಲ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಐಸಿಎಂಆರ್ ಪ್ರಕಾರ ಕಮಿಟಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅವರಲ್ಲೊಬ್ಬರು ವೈದ್ಯರೂ ಅಲ್ಲದ ಸಂಶೋಧಕರೂ ಅಲ್ಲದ ಸಾಮಾನ್ಯ ನಾಗರಿಕರಾಗಿರಬೇಕು. ಎಷ್ಟೋ ಕಡೆ ಆ ಕುರ್ಚಿ ಸಹಿ ಹಾಕಲು ಮಾತ್ರ. ಕಾಸರಗೋಡು, ಮಂಜೇಶ್ವರದಲ್ಲಿ ಕೆಲಸ ಮಾಡುವ ವಿಶ್ವವಿದ್ಯಾಲಯಗಳು, ಕಾಲೇಜುಗಳು ಆ ಕುರ್ಚಿಗೆ ಕನ್ನಡವೋ ತುಳುವೋ ಬ್ಯಾರಿಯೋ ಬಲ್ಲ ಊರಿನವರೊಬ್ಬರನ್ನು ಕರೆತರಲಿ. ಸುಳ್ಳನ್ನೊಳಗೊಂಡ ಅರ್ಜಿ ಬಂದಾಗ, ಹೇಳಲಿರುವ ಸುಳ್ಳಿನ ಜೊತೆಗೇ ಆಮೇಲೆ ಹೇಳಲಿರುವ ನಿಜದ ಪೂರ್ತಿ ಪಠ್ಯವನ್ನು, ಪ್ರಯೋಗಕ್ಕೆ ಕೂರುವವರ ಭಾಷೆಯಲ್ಲಿ, ಮೇಜಿನ ಮೇಲೆ ಇಡಿಸಿಕೊಳ್ಳಲಿ. ಅದನ್ನು ಹೇಳುವವರು ಯಾರು, ಎಷ್ಟು ಹೊತ್ತು, ಕೇಳಿದವಳಿಗೆ ಅರ್ಥವಾಯಿತೆಂದು ಹೇಗೆ ತಿಳಿಯುತ್ತಾರೆ ಎಂದು ಸಭೆಯಲ್ಲೇ ಕೇಳಲಿ. ಎಂ.ಎ. ಪ್ರಬಂಧಕ್ಕಾಗಿ ವಿದ್ಯಾರ್ಥಿಗಳು ಮಾಡುವ ಸಣ್ಣ ಪ್ರಯೋಗಗಳಿಗೂ ಇದರಿಂದ ವಿನಾಯಿತಿ ಬೇಡ.

ಉತ್ತರ ಸಿಗದಿದ್ದರೆ ಅರ್ಜಿಯನ್ನು ಹಿಂದಕ್ಕೆ ಕಳಿಸಲಿ.