ಜಮಖಾನೆಯ ಮೇಣ, ಫರ್ಸಿಯ ಎಣ್ಣೆ

ಕಾರ್ತಿಕದಲ್ಲಿ ದೀಪ ಹಚ್ಚಿದ ಮರುದಿನ ಬೀದರ, ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಜಮಖಾನೆಯ ಮೇಲೆ ಮೇಣದ ಹನಿಗಳೂ ಶಹಾಬಾದ ಫರ್ಸಿಯ ಮೇಲೆ ಎಣ್ಣೆಯ ಕಲೆಗಳೂ ಉಳಿದಿರುವುದುಂಟು. ಎರಡಕ್ಕೂ ಒಂದೇ ಉಪಾಯ ಸಲ್ಲದು.

ಮೇಣವು ಸುಮಾರು 60 ಡಿಗ್ರಿ ಶಾಖಕ್ಕೆ ಕರಗುತ್ತದೆ. ಮೊದಲು ಅದು ಪೂರ್ಣವಾಗಿ ಗಟ್ಟಿಯಾಗಲಿ. ಅನಂತರ ಚಮಚದ ಅಂಚಿನಿಂದ ಮೆಲ್ಲನೆ ಕೆರೆದು ತೆಗೆಯಿರಿ. ಉಳಿದ ಕಲೆಯ ಕೆಳಗೂ ಮೇಲೂ ಬ್ಲಾಟಿಂಗ್ ಕಾಗದವನ್ನಿಟ್ಟು, ಸಾಧಾರಣ ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಕೆಲವು ಕ್ಷಣ ಒತ್ತಿ ಎತ್ತಿರಿ, ಉಜ್ಜಬೇಡಿ. ಕಾಗದದಲ್ಲಿ ಪಾರದರ್ಶಕ ಮಚ್ಚೆ ಮೂಡಿದೊಡನೆ ಅದರ ಶುಭ್ರ ಭಾಗವನ್ನು ಕಲೆಯ ಮೇಲೆ ತನ್ನಿರಿ. ಹೊಸ ಮಚ್ಚೆ ಮೂಡದಿದ್ದರೆ ಮೇಣ ಹೋಯಿತೆಂದು ತಿಳಿಯಬೇಕು. ಮೇಜಿನ ಹಾಸಿಗೂ ಇದೇ ಕ್ರಮ. ವೃತ್ತಪತ್ರಿಕೆಯ ಶಾಯಿ ಬಟ್ಟೆಗೆ ಹತ್ತುವುದರಿಂದ ಅದನ್ನು ಬಳಸಬಾರದು. ನೈಲಾನ್ ಗಾಲೀಚೆಯಾದರೆ ಎಳೆಗಳೇ ಕರಗುವ ಭಯವಿದೆ. ಅತಿ ಕಡಿಮೆ ಬಿಸಿ ಸಾಕು. ಬಣ್ಣದ ಮೇಣದ ಬಣ್ಣವು ಈ ಕ್ರಮದಿಂದ ಹೋಗದೆ ಉಳಿಯಬಹುದು.

ಎಣ್ಣೆಯಾದರೋ ಶಾಖಕ್ಕೆ ತೆಳುವಾಗಿ ಇನ್ನೂ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಇಸ್ತ್ರಿಯನ್ನು ಮುಟ್ಟದೆ ಒಣ ಬ್ಲಾಟಿಂಗ್ ಕಾಗದವನ್ನು ಒತ್ತಿ ಹೀರಿಸಿ, ಕಲೆಯ ಮೇಲೆ ಸೀಮೆಸುಣ್ಣದ ಪುಡಿಯನ್ನು ಹರಡಿ ರಾತ್ರಿಯೆಲ್ಲ ಬಿಡಿರಿ. ಮುಂಜಾನೆ ಗುಡಿಸಿ, ಬಟ್ಟೆಯನ್ನು ಸಾಬೂನಿನಿಂದ ತೊಳೆಯಿರಿ. ಫರ್ಸಿಗೆ ಆ ಪುಡಿಯನ್ನೇ ಸಾಬೂನಿನ ನೀರಿನಲ್ಲಿ ಕಲಸಿ ದಪ್ಪಗೆ ಬಳಿದು, ಒಣಗಿದ ಮೇಲೆ ತೆಗೆಯಬೇಕು. ನೆಲ ಆರಿದ ಬಳಿಕವೂ ಕಲೆ ಕಪ್ಪಗೆ ಕಂಡರೆ ಎಣ್ಣೆ ಇನ್ನೂ ಇದೆ, ಮತ್ತೊಮ್ಮೆ ಬಳಿಯಿರಿ. ನಿಂಬೆರಸ, ಹುಣಸೆಹುಳಿ, ಆ್ಯಸಿಡ್ ಬೇಡ. ಶಹಾಬಾದ ಕಲ್ಲು ಸುಣ್ಣಕಲ್ಲಾದುದರಿಂದ ಹುಳಿ ತಗುಲಿದಲ್ಲಿ ಸವೆದು ಮಂಕಾಗುತ್ತದೆ. ಆ ಗುರುತು ತೊಳೆದರೂ ಹೋಗದು.